ಪ್ರಶ್ನೋತ್ತರ: ಸ್ಪರ್ಧೆಯ ಮಾತು ಹನ್ನೆರಡು ಸೆಕೆಂಡಿನಲ್ಲಿ

ಪ್ರಶ್ನೆ: ನಮ್ಮದು ಕಾಫಿಪುಡಿ ಅಂಗಡಿ. ಗಿರಾಕಿಗಳು ಕಾಫಿ ಬೆರೆಸುವ ವಿಡಿಯೊ ಕಳಿಸಲಿ, ಗೆದ್ದವರಿಗೆ ಹಿತ್ತಾಳೆ ಫಿಲ್ಟರ್ ಕೊಡೋಣ ಎಂದು ಸ್ಪರ್ಧೆ ಇಟ್ಟಿದ್ದೇವೆ. ಪ್ರಚಾರದ ವಿಡಿಯೊ 20 ಸೆಕೆಂಡ್. ಕೊನೆಯ 6 ಸೆಕೆಂಡಿನಲ್ಲಿ ಮಗಳು ನಿಯಮ, ಬಹುಮಾನ, ದಿನಾಂಕ ಎಲ್ಲವನ್ನೂ ಓದಿದ್ದಾಳೆ. ಏನೂ ಅರ್ಥವಾಗಲಿಲ್ಲ ಎಂದು ಜನ ಫೋನ್ ಮಾಡುತ್ತಿದ್ದಾರೆ. ಅವಳ ಓದು ಸರಿಯಿಲ್ಲವೇ?
— ಅಂಗಡಿಯವರು, ಹಾಸನ

ಉತ್ತರ: ಮಗಳ ಓದಿನಲ್ಲಿ ತಪ್ಪಿಲ್ಲ, ಅವಳನ್ನು ಬೇಸರಪಡಿಸಬೇಡಿ. ಅಷ್ಟು ಮಾತು ಅಷ್ಟು ಹೊತ್ತಿನಲ್ಲಿ ಯಾರ ಬಾಯಲ್ಲೂ ಹಿಡಿಯುವುದಿಲ್ಲ.

ಕನ್ನಡದ ಪದಗಳು ಒಂದಕ್ಕೊಂದು ಕೂಡಿ ಉದ್ದವಾಗುತ್ತವೆ. ಹಾಗಾಗಿ ಸ್ಕ್ರಿಪ್ಟನ್ನು (ಓದಲು ಬರೆದಿಟ್ಟ ಮಾತನ್ನು) ಪದಗಳಲ್ಲಿ ಅಳೆಯದೆ ಅಕ್ಷರಗಳಲ್ಲಿ ಅಳೆಯಿರಿ. ಆತುರವಿಲ್ಲದೆ ಓದಿದರೆ ಸೆಕೆಂಡಿಗೆ ಸುಮಾರು 6 ಅಕ್ಷರ ಸಾಗುತ್ತದೆ. ಅಂದರೆ ನಿಮ್ಮ 6 ಸೆಕೆಂಡಿಗೆ 36 ಅಕ್ಷರ. ನೀವು ಕಳಿಸಿರುವ ಹಾಳೆಯಲ್ಲಿ ಅದರ ಮೂರರಷ್ಟಿದೆ.

ಹೀಗೆ ಬರೆದು ನೋಡಿ: “ಮನೆಯಲ್ಲಿ ಕಾಫಿ ಬೆರೆಸುವ ಅರ್ಧ ನಿಮಿಷದ ವಿಡಿಯೊ ಕಳಿಸಿ. ಗೆದ್ದವರಿಗೆ ಹಿತ್ತಾಳೆ ಫಿಲ್ಟರ್. ಕೊನೆಯ ದಿನ ನವೆಂಬರ್ ಮೂವತ್ತು, ರಾತ್ರಿ ಒಂಬತ್ತು ಗಂಟೆ. ನಿಯಮ ಅಂಗಡಿಯ ಬಾಗಿಲಲ್ಲಿದೆ.”

ಇದರಲ್ಲಿ 62 ಅಕ್ಷರಗಳಿವೆ. ಓದಲು 10 ಸೆಕೆಂಡ್, ವಾಕ್ಯಗಳ ನಡುವೆ ಉಸಿರಿಗೆಂದು 2 ಸೆಕೆಂಡ್. ಉಳಿದ 8 ಸೆಕೆಂಡಿನಲ್ಲಿ ಮಾತಿಲ್ಲದೆ ಡಿಕಾಕ್ಷನ್ ಇಳಿಯುವುದನ್ನು ತೋರಿಸಿ. ವಾಟ್ಸ್‌ಆ್ಯಪ್ ನಂಬರನ್ನು ಬಾಯಲ್ಲಿ ಹೇಳಬೇಡಿ. ಹತ್ತು ಅಂಕಿಗಳು ಕಿವಿಯಲ್ಲಿ ನಿಲ್ಲುವುದಿಲ್ಲ. ಮೊದಲ ವಾಕ್ಯ ಶುರುವಾದಾಗಿನಿಂದ ಕೊನೆಯವರೆಗೂ ಅದು ತೆರೆಯ ಮೇಲೆ ಇರಲಿ.

ಪ್ರಶ್ನೆ: ನಾವು “30 ಸೆಕೆಂಡಿನ ವಿಡಿಯೊ, 30ರೊಳಗೆ ಕಳಿಸಿ” ಎಂದು ಹೇಳಿದ್ದೆವು. 30ನೇ ತಾರೀಖು ಬಂದ ವಿಡಿಯೊಗಳನ್ನು ಬಿಟ್ಟಿದ್ದಕ್ಕೆ ಜಗಳವಾಯಿತು. ಅಂಗಡಿಯ ಹೆಸರು ಕೆಡುತ್ತದೆಂಬ ಹೆದರಿಕೆ.
— ಬಟ್ಟೆ ಅಂಗಡಿಯವರು, ದಾವಣಗೆರೆ

ಉತ್ತರ: ನಿಮ್ಮ ಹೆದರಿಕೆ ಸಹಜ, ಆದರೆ ಇದು ಸರಿಹೋಗುವ ವಿಷಯ. “30ರೊಳಗೆ” ಎಂದರೆ ಕೆಲವರಿಗೆ 29ಕ್ಕೇ ಮುಗಿಯಿತು, ಕೆಲವರಿಗೆ 30 ಸೇರಿತು. ಎರಡೂ ಅರ್ಥಕ್ಕೆ ಎಡೆಯಿದ್ದ ಮಾತು ನಿಮ್ಮದೇ ಆದ್ದರಿಂದ, ಈ ಸಲ 30ರಂದು ಬಂದವನ್ನೂ ಸೇರಿಸಿಕೊಳ್ಳಿ.

ಮುಂದೆ “ಕೊನೆಯ ದಿನ” ಎಂದು ಹೇಳಿ, ಗಂಟೆಯನ್ನೂ ಸೇರಿಸಿ. “ರಾತ್ರಿ 12” ಬೇಡ. ಅದು ಯಾವ ದಿನದ ರಾತ್ರಿ ಎಂಬ ಇನ್ನೊಂದು ಜಗಳ ಹುಟ್ಟುತ್ತದೆ. ಅಂಗಡಿ ಮುಚ್ಚುವ ಹೊತ್ತನ್ನೇ ಹೇಳಿ, ಅದು ಎಲ್ಲರಿಗೂ ಗೊತ್ತಿರುವುದು.

ಇನ್ನೊಂದು ಸೂಕ್ಷ್ಮ: ನಿಮ್ಮ ಮಾತಿನಲ್ಲಿ ಎರಡು ಮೂವತ್ತುಗಳಿವೆ. ಕೇಳುವವರು ಒಂದನ್ನು ಇನ್ನೊಂದರ ಜಾಗಕ್ಕೆ ಇಟ್ಟುಕೊಳ್ಳುತ್ತಾರೆ. ಮೇಲಿನವರಿಗೆ “ಅರ್ಧ ನಿಮಿಷ” ಎಂದು ಬರೆದುಕೊಟ್ಟಿದ್ದು ಇದಕ್ಕೇ. ಪರೀಕ್ಷಿಸಬೇಕೆಂದರೆ, ಸ್ಕ್ರಿಪ್ಟ್ ನೋಡದ ಒಬ್ಬರಿಗೆ ವಿಡಿಯೊವನ್ನು ಒಂದೇ ಸಲ ಕೇಳಿಸಿ, ಐದು ನಿಮಿಷ ಬಿಟ್ಟು ಕೊನೆಯ ದಿನ ಯಾವುದೆಂದು ಕೇಳಿ. ತಡವರಿಸಿದರೆ ಮತ್ತೆ ಬರೆಯಿರಿ.

ಪ್ರಶ್ನೆ: ಎಲ್ಲ ನಿಯಮವನ್ನೂ ಹೇಳದಿದ್ದರೆ ಮುಚ್ಚಿಟ್ಟಂತಾಗಿ ಕಾನೂನಿನ ತೊಂದರೆ ಬರುವುದಿಲ್ಲವೇ?
— ಬೇಕರಿಯವರು, ಶಿವಮೊಗ್ಗ

ಉತ್ತರ: ಎಲ್ಲವನ್ನೂ ಬಾಯಲ್ಲಿ ಹೇಳಲೇಬೇಕೆಂದು ಗಾಬರಿಯಾಗಬೇಡಿ. ಆದರೆ ಯಾವುದನ್ನು ಬಿಡಬಾರದು ಎಂಬುದಕ್ಕೆ ಒಂದು ಅಳತೆ ಇಟ್ಟುಕೊಳ್ಳಿ. ವಿಡಿಯೊ ಮಾಡಿ ಕಳಿಸಿದ ಮೇಲೆ “ಇದು ಮೊದಲೇ ಗೊತ್ತಿದ್ದರೆ ಮಾಡುತ್ತಲೇ ಇರಲಿಲ್ಲ” ಎನ್ನಿಸುವ ಷರತ್ತನ್ನು ಹೇಳಲೇಬೇಕು. “ಶಿವಮೊಗ್ಗದವರಿಗೆ ಮಾತ್ರ” ಎಂಬುದು ಅಂಥದ್ದು. ತೀರ್ಪುಗಾರರು ಎಷ್ಟು ಮಂದಿ ಎಂಬುದು ಅಂಗಡಿಯಲ್ಲಿ ಅಂಟಿಸಿದ ನಿಯಮದ ಹಾಳೆಯಲ್ಲಿದ್ದರೆ ಸಾಕು. ಬಂದ ವಿಡಿಯೊಗಳನ್ನು ಜಾಹೀರಾತಿಗೆ ಬಳಸುವುದಾದರೆ ಅದನ್ನು ತೆರೆಯ ಮೇಲೆ ಬರೆಯಿರಿ, ಕಳಿಸಿದವರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಿರಿ.

ದಾರಿತಪ್ಪಿಸುವ ಜಾಹೀರಾತುಗಳ ಬಗೆಗಿನ 2022ರ ಕೇಂದ್ರ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಡಿಸ್‌ಕ್ಲೇಮರ್ (ಷರತ್ತನ್ನು ತಿಳಿಸುವ ಟಿಪ್ಪಣಿ) ಮುಖ್ಯ ಮಾತಿನ ಭಾಷೆಯಲ್ಲೇ ಇರಬೇಕು. ಆದ್ದರಿಂದ ದನಿ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ ಬೇಡ. ಓದಲಾಗದಷ್ಟು ಸಣ್ಣ ಅಕ್ಷರವೂ ಬೇಡ.

ಚೀಟಿ ಎತ್ತಿ ಬಹುಮಾನ ಕೊಡುವ ಯೋಚನೆಯಿದ್ದರೆ ಬಿಡಿ. ಮಾರಾಟ ಹೆಚ್ಚಿಸಲು ಸ್ಪರ್ಧೆ, ಲಾಟರಿ ನಡೆಸುವುದರ ಮೇಲೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಕಣ್ಣಿಟ್ಟಿದೆ. ಅಂಕ ಕೊಟ್ಟು ಆರಿಸುವ ಸ್ಪರ್ಧೆಯೂ ಅದರ ಮಾತಿನೊಳಗೆ ಬರುವುದರಿಂದ, ಶುರುಮಾಡುವ ಮೊದಲು ವಕೀಲರನ್ನು ಒಮ್ಮೆ ಕೇಳಿಬಿಡಿ. ಬಹುಮಾನ ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದನ್ನೂ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಸ್ಪರ್ಧೆಯನ್ನು ಎಲ್ಲಿ ಸಾರಿದ್ದಿರೋ ಅಲ್ಲೇ ಗೆದ್ದವರ ಹೆಸರನ್ನೂ ಹಾಕಿ.