ಸೂಜಿ ಸಾಗುವ ದಾರಿ: ಜೀವವೈದ್ಯಕೀಯ ತ್ಯಾಜ್ಯದ ಬಣ್ಣವಾರು ವಿಂಗಡಣೆ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿಯ ಕಸದ ವಾಹನವು ಮನೆ, ಅಂಗಡಿಗಳಿಂದ ಮಾತ್ರವಲ್ಲದೆ ಆರೋಗ್ಯ ಉಪಕೇಂದ್ರ, ಖಾಸಗಿ ಚಿಕಿತ್ಸಾಲಯ ಮತ್ತು ಪಶು ಚಿಕಿತ್ಸಾಲಯಗಳಿಂದಲೂ ಕಸ ಪಡೆಯುತ್ತದೆ. ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಂತೆ ಈ ಸಂಸ್ಥೆಗಳಿಂದ ಪಂಚಾಯಿತಿಯು ಪಡೆಯಬೇಕಾದದ್ದು ಕಾಗದ, ಹೊದಿಕೆ, ಆಹಾರದ ಉಳಿಕೆಯಂತಹ ಸಾಮಾನ್ಯ ಕಸವನ್ನು ಮಾತ್ರ. ರಕ್ತ ಅಥವಾ ದೇಹದ್ರವ ತಗುಲಿದ ವಸ್ತುಗಳು, ಸೂಜಿ ಹಾಗೂ ಔಷಧಗಳು ಬೇರೆಯೇ ದಾರಿಯಲ್ಲಿ ಸಾಮೂಹಿಕ ಸಂಸ್ಕರಣಾ ಘಟಕವನ್ನು ಸೇರಬೇಕು. ಈ ನಿಯಮಗಳು ದೊಡ್ಡ ಆಸ್ಪತ್ರೆಗಳಿಗಷ್ಟೇ ಸೀಮಿತವಲ್ಲ. ಹಾಸಿಗೆಗಳಿಲ್ಲದ ಚಿಕಿತ್ಸಾಲಯ, ಪ್ರಯೋಗಾಲಯ, ಲಸಿಕಾ ಶಿಬಿರ ಮತ್ತು ಪಶು ಚಿಕಿತ್ಸಾ ಸಂಸ್ಥೆಗಳಿಗೂ ಅನ್ವಯಿಸುತ್ತವೆ.

ಒಂದು ಲಸಿಕಾ ದಿನದ ಲೆಕ್ಕ

ಬಣ್ಣಗಳ ಅರ್ಥವನ್ನು ತಿಳಿಯಲು ಅಂಗನವಾಡಿಯಲ್ಲಿ ನಡೆಯುವ ಲಸಿಕಾ ಕಾರ್ಯಕ್ರಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆರು ವಾರದ ಮಗುವಿಗೆ ಪೆಂಟಾವೆಲೆಂಟ್, ಐಪಿವಿ ಮತ್ತು ಪಿಸಿವಿ ಎಂಬ 3 ಚುಚ್ಚುಮದ್ದುಗಳನ್ನು ನೀಡಲಾಗುತ್ತದೆ. ಅಂತಹ 10 ಮಕ್ಕಳು ಬಂದರೆ ದಿನದ ಕೊನೆಗೆ 30 ಸೂಜಿಗಳು, 30 ಸಿರಿಂಜುಗಳು, ರಕ್ತದ ಕಲೆಯುಳ್ಳ ಹತ್ತಿ, ಲಸಿಕೆಯ ಗಾಜಿನ ಸೀಸೆಗಳು ಹಾಗೂ ಪ್ಲಾಸ್ಟಿಕ್ ಹೊದಿಕೆಗಳು ಉಳಿಯುತ್ತವೆ.

ಚುಚ್ಚುಮದ್ದು ನೀಡಿದ ಕೂಡಲೇ ಆರೋಗ್ಯ ಸಹಾಯಕಿಯು ಸೂಜಿಗೆ ಮತ್ತೆ ಮುಚ್ಚಳ ಹಾಕದೆ, ಹಬ್ ಕಟರ್ ಎಂಬ ಸಣ್ಣ ಸಾಧನದಿಂದ ಸಿರಿಂಜಿನ ತುದಿಯನ್ನು ಸೂಜಿಸಹಿತ ಕತ್ತರಿಸಬೇಕು. ಮುಚ್ಚಳ ಹಾಕಲು ಹೋದಾಗಲೇ ಬೆರಳಿಗೆ ಸೂಜಿ ಚುಚ್ಚುವ ಸಂಭವ ಹೆಚ್ಚು. ಕತ್ತರಿಸಿದ ಸೂಜಿಯು ಬಿಳಿ ವರ್ಗಕ್ಕೆ ಸೇರುತ್ತದೆ. ಇದು ಚೀಲವಲ್ಲ, ಚುಚ್ಚಿದರೂ ತೂತಾಗದ, ಸೋರದ, ಒಮ್ಮೆ ಮುಚ್ಚಿದರೆ ತೆರೆಯಲಾಗದ ಅರೆಪಾರದರ್ಶಕ ಡಬ್ಬಿ. ಇದನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು.

ಸೂಜಿ ಕಳೆದ ಸಿರಿಂಜಿನ ಪ್ಲಾಸ್ಟಿಕ್ ಭಾಗವು ಕೆಂಪು ಚೀಲಕ್ಕೆ ಹೋಗುತ್ತದೆ. ಕೈಗವಸು, ಡ್ರಿಪ್ ಬಾಟಲಿ ಮತ್ತು ಕೊಳವೆಗಳೂ ಇದೇ ವರ್ಗದವು. ಇವುಗಳನ್ನು ಹಬೆಯ ಒತ್ತಡದಲ್ಲಿ ಸೋಂಕುಮುಕ್ತಗೊಳಿಸಿ, ಪುಡಿಮಾಡಿ ಮರುಬಳಕೆಗೆ ಕಳುಹಿಸಲಾಗುತ್ತದೆ. ರಕ್ತ ತಗುಲಿದ ಹತ್ತಿ, ಬ್ಯಾಂಡೇಜ್, ದೇಹದ ಭಾಗಗಳು ಹಾಗೂ ಅವಧಿ ಮೀರಿದ ಔಷಧಗಳು ಹಳದಿ ಚೀಲಕ್ಕೆ ಸೇರಿ, ಮುಖ್ಯವಾಗಿ ದಹನ ಯಂತ್ರದಲ್ಲಿ ನಾಶವಾಗುತ್ತವೆ. ಗಾಜಿನ ಖಾಲಿ ಸೀಸೆಗಳು ನೀಲಿ ಗುರುತಿನ, ತೂತಾಗದ ಪೆಟ್ಟಿಗೆಗೆ ಸೇರಬೇಕು. ಆದರೆ ಲಸಿಕೆಯ ಸೀಸೆಗಳನ್ನು ಅಂಗನವಾಡಿಯಲ್ಲಿ ಬಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹಿಂದಿರುಗಿಸಬೇಕು. ಅವುಗಳ ವಿಲೇವಾರಿ ಅಲ್ಲಿ ನಿರ್ಧಾರವಾಗುತ್ತದೆ. ಉಳಿದ ಹೊದಿಕೆ ಮತ್ತು ಸೂಜಿಯ ಮುಚ್ಚಳಗಳು ಮಾತ್ರ ಸಾಮಾನ್ಯ ಕಸ.

ಬಣ್ಣವೆಂಬುದು ಆ ವಸ್ತುವನ್ನು ಮುಂದೆ ಏನು ಮಾಡಬೇಕೆಂಬ ಆದೇಶವಾಗಿದೆ. ಕೆಂಪು ಚೀಲದಲ್ಲಿ ಸೂಜಿ ಬಿದ್ದರೆ ಅದನ್ನು ಎತ್ತುವವರಿಗೆ ಗಾಯವಾಗುತ್ತದೆ. ಡ್ರಿಪ್ ಬಾಟಲಿ, ಕೊಳವೆಗಳು ಹಳದಿ ಚೀಲಕ್ಕೆ ಬಿದ್ದರೆ ಕ್ಲೋರಿನ್ ಉಳ್ಳ ಪ್ಲಾಸ್ಟಿಕ್ ಸುಟ್ಟು ಡಯಾಕ್ಸಿನ್‌ನಂತಹ ವಿಷಕಾರಿ ವಸ್ತುಗಳು ಉಂಟಾಗಬಹುದು. ಒಮ್ಮೆ ಬೆರೆತದ್ದನ್ನು ಮತ್ತೆ ಕೈಯಿಂದ ಬೇರ್ಪಡಿಸುವುದು ಅಪಾಯಕಾರಿ. ಆದುದರಿಂದ ವಿಂಗಡಣೆಯು ತ್ಯಾಜ್ಯ ಹುಟ್ಟಿದ ಸ್ಥಳದಲ್ಲಿ, ಹುಟ್ಟಿದ ಕ್ಷಣದಲ್ಲಿಯೇ ಆಗತಕ್ಕದ್ದು.

ಸೂಜಿ ಒಣ ಕಸಕ್ಕೆ ಸೇರಿದರೆ

ದಾರಿ ತಪ್ಪಿದ ಸೂಜಿಯು ಪಂಚಾಯಿತಿಯ ಸ್ವಚ್ಛ ಸಂಕೀರ್ಣವನ್ನು ಸೇರಿದಾಗ, ಒಣ ಕಸವನ್ನು ಬೇರ್ಪಡಿಸುವ ಮಹಿಳೆಯರ ಕೈಗೆ ಅದು ಚುಚ್ಚುತ್ತದೆ. ಆ ಸೂಜಿ ಯಾರಿಗೆ ಬಳಕೆಯಾಗಿತ್ತೆಂಬುದು ಅವರಿಗೆ ತಿಳಿದಿರುವುದಿಲ್ಲ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದಲ್ಲಿ, ಲಸಿಕೆ ಪಡೆಯದ 100 ಜನರಲ್ಲಿ 6ರಿಂದ 30 ಮಂದಿಗೆ ಹೆಪಟೈಟಿಸ್ ಬಿ ತಗಲಬಹುದು. ಹೆಪಟೈಟಿಸ್ ಸಿ ತಗಲುವ ಪ್ರಮಾಣ 100ಕ್ಕೆ ಸುಮಾರು 2. ಎಚ್‌ಐವಿ 1000ಕ್ಕೆ ಸುಮಾರು 3. ಹೆಪಟೈಟಿಸ್ ಬಿ ವೈರಾಣುವು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಹೀಗಾಗಿ ಗುರುವಾರ ಬಿಸಾಡಿದ ಸೂಜಿಯು ಮುಂದಿನ ಮಂಗಳವಾರದ ವಿಂಗಡಣೆಯಲ್ಲಿಯೂ ಅಪಾಯಕಾರಿಯೇ.

ಬಳಸಿದ ಸಿರಿಂಜುಗಳು ಮತ್ತೆ ಬಳಕೆಗೆ ಬಂದರೆ ಅಪಾಯವು ಕಾರ್ಮಿಕರಲ್ಲಿಗೇ ನಿಲ್ಲುವುದಿಲ್ಲ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣ ಮತ್ತು ಸುತ್ತಮುತ್ತ ಹೆಪಟೈಟಿಸ್ ಬಿ ಹರಡಿ ಹತ್ತಾರು ಜನರು ಮೃತಪಟ್ಟರು. ಸಿರಿಂಜುಗಳ ಮರುಬಳಕೆಯೇ ಅದಕ್ಕೆ ಕಾರಣವೆಂದು ತನಿಖೆಗಳು ಬೊಟ್ಟುಮಾಡಿದವು. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಗುಜರಿಗೆ ಕೊಡದೆ ಪುಡಿಮಾಡಲೇಬೇಕೆಂಬ ನಿಯಮದ ಹಿಂದಿನ ಉದ್ದೇಶ ಇದೇ ಆಗಿದೆ.

ಈ ಭಾಗಕ್ಕೆ ಇನ್ನೊಂದು ವಿಶೇಷ ಎಚ್ಚರವೂ ಅಗತ್ಯ. ಮಂಗನ ಕಾಯಿಲೆಯು 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ. ಇದು ಜನರಿಗೆ ಸಾಮಾನ್ಯವಾಗಿ ಉಣ್ಣೆಯ ಕಡಿತದಿಂದ ಬರುತ್ತದೆಯಾದರೂ, ವೈರಾಣುವನ್ನು ನಿರ್ವಹಿಸಿದ ಪ್ರಯೋಗಾಲಯ ಸಿಬ್ಬಂದಿಗೆ ಸೋಂಕು ತಗುಲಿದ ನಿದರ್ಶನಗಳಿವೆ. ಆದ್ದರಿಂದ ಜ್ವರಪೀಡಿತರ ರಕ್ತದ ಮಾದರಿಗಳನ್ನು ಆರೋಗ್ಯ ಸಂಸ್ಥೆಯಲ್ಲಿಯೇ ಸೋಂಕುಮುಕ್ತಗೊಳಿಸಿದ ನಂತರವಷ್ಟೇ ಹೊರಗೆ ಕಳುಹಿಸತಕ್ಕದ್ದು.

ಸೂಜಿ ಚುಚ್ಚಿದಾಗ ಅನುಸರಿಸಬೇಕಾದ ಕ್ರಮ

ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ಹಿಂಡುವುದು, ಬೆರಳನ್ನು ಬಾಯಿಗೆ ಇಡುವುದು, ಬ್ಲೀಚಿಂಗ್ ದ್ರಾವಣ ಹಚ್ಚುವುದು ಕೂಡದು. ಕೂಡಲೇ ವೈದ್ಯರನ್ನು ಕಾಣಬೇಕು. ಎಚ್‌ಐವಿ ತಡೆಗಟ್ಟುವ ಮಾತ್ರೆ ಅಗತ್ಯವೆಂದು ವೈದ್ಯರು ನಿರ್ಧರಿಸಿದರೆ, ಮೊದಲ ಮಾತ್ರೆಯನ್ನು ಸಾಧ್ಯವಾದಲ್ಲಿ 2 ಗಂಟೆಯೊಳಗೆ, ಎಂದಿಗೂ 72 ಗಂಟೆ ಮೀರದಂತೆ ಆರಂಭಿಸಿ 28 ದಿನ ಮುಂದುವರಿಸಬೇಕಾಗುತ್ತದೆ. ಒಳನಾಡಿನ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಬಸ್ಸಿಗಾಗಿ ಕಾಯುವುದರಲ್ಲಿ ಈ ಅಮೂಲ್ಯ ಸಮಯ ಕಳೆದುಹೋಗುವುದರಿಂದ, ಪಂಚಾಯಿತಿಯು ವಾಹನವನ್ನು ಒದಗಿಸುವುದು ಸೂಕ್ತ. ಹೆಪಟೈಟಿಸ್ ಬಿ ಲಸಿಕೆಯನ್ನು ಮುಂಚಿತವಾಗಿಯೇ ಪಡೆಯಬಹುದು. ಮೊದಲ ದಿನ, 1 ತಿಂಗಳು ಮತ್ತು 6 ತಿಂಗಳ ನಂತರ ಹೀಗೆ 3 ಡೋಸುಗಳು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ.

ಸದಸ್ಯರು ಗಮನಿಸಬೇಕಾದ ಲಕ್ಷಣಗಳು

ಉಪಕೇಂದ್ರ ಅಥವಾ ಚಿಕಿತ್ಸಾಲಯಕ್ಕೆ ಭೇಟಿ ನೀಡಿದಾಗ ಯಾವ ಚೀಲಕ್ಕೂ ಕೈಹಾಕದೆಯೇ ಹಲವು ಲೋಪಗಳನ್ನು ಗುರುತಿಸಬಹುದು. ಬಿಳಿ ಡಬ್ಬಿಯು ಬಾಯಿಯವರೆಗೆ ತುಂಬಿರುವುದು, ಸಿರಿಂಜುಗಳು ಸೂಜಿಸಹಿತ ಕೆಂಪು ಚೀಲದಲ್ಲಿ ಕಾಣುವುದು, ಹಿತ್ತಲಿನಲ್ಲಿ ಸುಟ್ಟ ಡ್ರಿಪ್ ಬಾಟಲಿಗಳ ಕುರುಹು ಇರುವುದು ಇವುಗಳಲ್ಲಿ ಮುಖ್ಯವಾದವು. ಪ್ರತಿದಿನ ಚಿಕಿತ್ಸೆ ನಡೆಯುವ ಕಡೆ ಬಿಳಿ ಡಬ್ಬಿಯು ತಿಂಗಳುಗಟ್ಟಲೆ ಖಾಲಿಯಾಗಿಯೇ ಇದ್ದರೆ, ಸೂಜಿಗಳು ಬೇರೆಲ್ಲಿಗೋ ಹೋಗುತ್ತಿವೆ ಎಂದೇ ಅರ್ಥ.

ರಕ್ತ ತಗುಲಿದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಶಿಕಾರಿಪುರವು ಜಿಲ್ಲಾ ಕೇಂದ್ರದಿಂದ ಸುಮಾರು 50 ಕಿ.ಮೀ. ದೂರದಲ್ಲಿದ್ದು, ಸೊರಬ ಇನ್ನೂ ದೂರದಲ್ಲಿದೆ. ಮಳೆಗಾಲದಲ್ಲಿ ಸಂಗ್ರಹ ವಾಹನ ಒಂದು ಸುತ್ತು ತಪ್ಪಿದರೂ ತ್ಯಾಜ್ಯ ಉಳಿಯುತ್ತದೆ. ಹಾಗೆ ಉಳಿದದ್ದೇ ಹಿತ್ತಲಿನ ಗುಂಡಿಗೆ ಅಥವಾ ಪಂಚಾಯಿತಿಯ ಕಸದ ಗಾಡಿಗೆ ಸೇರುತ್ತದೆ. ಆದ್ದರಿಂದ ವಾಹನ ಬಂದ ದಿನಾಂಕಗಳ ವಹಿಯನ್ನು ಕೇಳಿ ನೋಡುವುದು ಅತ್ಯಂತ ಉಪಯುಕ್ತ ಪರಿಶೀಲನೆ.

ಮನೆಗಳಲ್ಲಿ ಇನ್ಸುಲಿನ್ ಪಡೆಯುವವರ ಸೂಜಿಗಳೂ ಒಣ ಕಸಕ್ಕೆ ಬರುತ್ತವೆ. ಅವುಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ತಿರುಪು ಮುಚ್ಚಳ ಬಿಗಿದು ಪ್ರತ್ಯೇಕವಾಗಿ ನೀಡುವಂತೆ ತಿಳಿಸಬೇಕು. ಅವುಗಳನ್ನು ಎಲ್ಲಿ ಸ್ವೀಕರಿಸಬೇಕೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಂದಿಗೆ ಚರ್ಚಿಸಿ ನಿಗದಿಪಡಿಸಬೇಕು.

ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ವಿಷಯಗಳನ್ನು ಚರ್ಚೆಗೆ ತೆಗೆದುಕೊಳ್ಳಬಹುದು: ವ್ಯಾಪ್ತಿಯಲ್ಲಿನ ಎಲ್ಲಾ ಚಿಕಿತ್ಸಾ ಸಂಸ್ಥೆಗಳ ಪಟ್ಟಿ ಮತ್ತು ಅವುಗಳ ತ್ಯಾಜ್ಯ ಸಂಗ್ರಹಣಾ ವಹಿ, ಸ್ವಚ್ಛ ಸಂಕೀರ್ಣದ ಪ್ರತಿ ಕಾರ್ಯಕರ್ತರ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಯ ವಿವರ, ಸೂಜಿ ಚುಚ್ಚಿದ ಪ್ರತಿಯೊಂದು ಘಟನೆಯನ್ನು ದಾಖಲಿಸುವ ಪುಸ್ತಕ. ಈ ಪುಸ್ತಕದಲ್ಲಿ ಸೂಜಿ ಯಾವ ವಾರ್ಡಿನ ಕಸದಲ್ಲಿ ಸಿಕ್ಕಿತೆಂಬುದನ್ನೂ ಬರೆದಿಟ್ಟರೆ, ಅದು ಎಲ್ಲಿಂದ ಬರುತ್ತಿದೆ ಎಂಬುದು ಕೆಲವೇ ತಿಂಗಳಲ್ಲಿ ತಿಳಿಯುತ್ತದೆ.