ಮೂರೂ ಪಟ್ಟಿಗೆ ಒಂದೇ ಲೆಕ್ಕ

ಶೆಡ್ಯೂಲಿಂಗ್ ಸ್ಲೈಡುಗಳನ್ನು ಒಂದು ಹಾಳೆಗೆ ಇಳಿಸುವಾಗ ಪ್ರತಿ ವಿಧಾನಕ್ಕೂ ಬೇರೆ ಉದಾಹರಣೆ ಬರೆದುಕೊಳ್ಳಬೇಡಿ, ಹೋಲಿಕೆಯೇ ಸಿಗುವುದಿಲ್ಲ. P1, P2, P3 ಮೂರೂ 0ಗೆ ಬಂದವು, ಬೇಕಾದ ಸಮಯ 6, 3, 3 ಎಂದಿಟ್ಟುಕೊಂಡು ಮೂರು ಗ್ಯಾಂಟ್ ಚಾರ್ಟ್‌ಗಳನ್ನು ಒಂದರ ಕೆಳಗೊಂದು ಎಳೆಯಿರಿ. ರೌಂಡ್ ರಾಬಿನ್‌ಗೆ ಕ್ವಾಂಟಮ್ 2 ಇರಲಿ:

```
FCFS: 0 P1 6 P2 9 P3 12
SJF:  0 P2 3 P3 6 P1 12
RR:   0 P1 2 P2 4 P3 6 P1 8 P2 9 P3 10 P1 12
```

ಸರಾಸರಿ ಕಾಯುವಿಕೆ ಕ್ರಮವಾಗಿ 5, 3, 6.33. ಇಷ್ಟಕ್ಕೇ ನಿಲ್ಲಿಸಿದರೆ ರೌಂಡ್ ರಾಬಿನ್ ದಡ್ಡ ವಿಧಾನವೆನಿಸುತ್ತದೆ. ಹಾಗಾಗಿ ಪಕ್ಕದಲ್ಲಿ ಮೊದಲ ಸರದಿ ಸಿಗುವವರೆಗಿನ ಸಮಯಕ್ಕೂ ಒಂದು ಕಾಲಂ ಹಾಕಲೇಬೇಕು. ಅಲ್ಲಿ ಸರಾಸರಿ 5, 3, 2. ರೌಂಡ್ ರಾಬಿನ್ನೇ ಮುಂದು. ಕಾಯುವಿಕೆಯನ್ನು ಮುಗಿದ ಸಮಯದಿಂದ ಬಂದ ಸಮಯ, ಬೇಕಾದ ಸಮಯ ಎರಡನ್ನೂ ಕಳೆದು ಹಿಡಿಯಿರಿ. ರೌಂಡ್ ರಾಬಿನ್‌ನಲ್ಲಿ P3ಗೆ 10-0-3, ಅಂದರೆ 7. ಮೊದಲ ಸರದಿಯ 4ನ್ನೇ ಕಾಯುವಿಕೆ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ.