ಕಾಲುವೆ ನೀರು ಮತ್ತು ಅಭಿಪ್ರಾಯ ಲೇಖನ

ಅಭಿಪ್ರಾಯ ಲೇಖನದ ಮೂಲ ವಾದವನ್ನು ಯಾರಾದರೂ ಅಲ್ಲಗಳೆಯುವಂತಿರಬೇಕು. ‘ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎಲ್ಲರಿಗೂ ನ್ಯಾಯವಾಗಿ ಸಿಗಲಿ’ ಎಂದರೆ ಸಿಂಧನೂರಿನಲ್ಲಿ ಯಾರೂ ಬೇಡವೆನ್ನುವುದಿಲ್ಲ. ಹಾಗಾಗಿ ಅದು ವಾದವಲ್ಲ, ಹಾರೈಕೆ. ‘ಎರಡನೇ ಬೆಳೆಗೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೇಡ, ಜೋಳ, ಕಡಲೆ ಸಾಕು’ ಎಂದಾಗ ಭತ್ತ ಬೆಳೆಯುವವರು ಮಾತಿಗೆ ಬರುತ್ತಾರೆ. ಈ ವಾಕ್ಯ ಮೊದಲ ಪ್ಯಾರಾದಲ್ಲೇ ಇರಬೇಕು. ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ, ಭತ್ತ ಹರಡಿದಂತೆ ಕೊನೆ ಭಾಗದ ಹೊಲಗಳಿಗೆ ನೀರು ತಲುಪದಾಯಿತು ಎಂಬ ಕಾರಣ ಅದರ ಬೆನ್ನಿಗೆ ಬರಲಿ.

ಹೆಚ್ಚಿನವರು ಎಡವುವುದು ಎದುರು ವಾದದಲ್ಲಿ. ‘ಭತ್ತದವರಿಗೆ ದುರಾಸೆ’ ಎಂದು ಬರೆದು ಅದನ್ನೇ ಖಂಡಿಸುವುದು ಸುಲಭ, ಆದರೆ ಅವರ ನಿಜವಾದ ಮಾತು ಬೇರೆ: ನೀರು ನಿಂತು ಸವಳು-ಜವಳಾದ ನೆಲದಲ್ಲಿ ಕಡಲೆ ಏಳುವುದಿಲ್ಲ, ಭತ್ತಕ್ಕಾದರೆ ಊರಲ್ಲೇ ಅಕ್ಕಿ ಗಿರಣಿಗಳಿವೆ. ಭತ್ತದ ರೈತರೊಬ್ಬರು ಓದಿ ‘ಹೌದು, ನಾವು ಹೇಳುವುದು ಇದನ್ನೇ’ ಎನ್ನುವಂತಿದ್ದರೆ ಆ ಭಾಗ ಸರಿಯಾಗಿದೆ.

ಭತ್ತದವರ ಈ ಎರಡು ಮಾತುಗಳಲ್ಲಿ ಮೊದಲನೆಯದು ಗಟ್ಟಿ. ಅದನ್ನು ಒಪ್ಪಿ ಮೂಲ ವಾದವನ್ನೇ ತಿದ್ದಬೇಕು: ಸವಳು-ಜವಳು ನೆಲಕ್ಕೆ ವಿನಾಯಿತಿ, ಉಳಿದೆಡೆ ಭತ್ತ ಬೇಡ. ಗಿರಣಿಯ ಮಾತಿಗೆ ಉತ್ತರ ಕೊಡಬಹುದು: ಒಬ್ಬರ ಮಾರುಕಟ್ಟೆ ಅನುಕೂಲಕ್ಕಾಗಿ ಇನ್ನೊಬ್ಬರ ಪಾಲಿನ ನೀರು ಹೋಗಬಾರದು.

ಮುಕ್ತಾಯದಲ್ಲಿ ‘ಸರ್ಕಾರ ಗಮನಹರಿಸಲಿ’ ಎಂಬುದು ನುಣುಚಿಕೊಳ್ಳುವ ದಾರಿ. ಯಾರು, ಯಾವಾಗ, ಏನು ಮಾಡಬೇಕೆಂದು ಹೇಳಬೇಕು: ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರು ಬಿಡುವ ತೀರ್ಮಾನದ ಜೊತೆಗೇ ಯಾವ ಭಾಗದಲ್ಲಿ ಯಾವ ಬೆಳೆ ಎಂಬುದನ್ನೂ ಪ್ರಕಟಿಸಲಿ.